ಮೊದಲು ಊಹೆ, ಆಮೇಲೆ ನೀರು

ನಾನು ಮೊದಲಿನಿಂದಲೂ ಸಿಡುಕಿ. ಸೋಲಾಪುರದ ಬಟ್ಟೆ ಅಂಗಡಿಯವರ ಮನೆಯಲ್ಲಿ ಹುಟ್ಟಿದವಳು. ಗಿರಾಕಿ ಎದುರು ನಗುವುದನ್ನು ನಮ್ಮಪ್ಪ ಮನೆ ಮಂದಿಗೆಲ್ಲ ಕಲಿಸಿದ, ನನಗೆ ಮಾತ್ರ ಅದು ಹತ್ತಲಿಲ್ಲ. ಅದಕ್ಕೇ ಸಾಲಿ ಕಲಿಸಲು ಹೋದಳು ಎಂದು ಮನೆಯವರು ಈಗಲೂ ಕಾಡುತ್ತಾರೆ. ದಿನಾ ಎಸ್‌ಟಿ ಹಿಡಿದು ಕುಂಭಾರಿ ದಾಟಿ, ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ, ಕರಜಗಿ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಗೆ ಹೋಗುತ್ತೇನೆ. ಮೂರನೇ ಇಯತ್ತೆ ನನ್ನದು, ಎಂಟು ವರ್ಷದ ಮಕ್ಕಳು. ಅಲ್ಲಿ ಕಲಿಸುವ ಹೆಂಗಸಿಗೆ ಬಾಯಾರು ಅನ್ನುತ್ತಾರೆ.

ಆ ವರ್ಷ ಬೇಸಿಗೆ ಸೂಟಿ ಮುಗಿದು ಶಾಲೆ ತೆರೆದಾಗ ಒಬ್ಬ ಹುಡುಗಿ ತಲೆ ಬಾಚಿಕೊಳ್ಳದೆ ಬಂದಳು. ಕುರಿ ಸಾಕುವ ಮನೆಯವಳು. ಎರಡನೇ ಇಯತ್ತೆಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ಒಂದು ಕೆಲಸವಾಗಿತ್ತಂತೆ. ಈಗ ಹಾಜರಿ ಕರೆದರೂ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಮಧ್ಯಾಹ್ನದ ಖಿಚಡಿ ಮಾಡುವ ಮೌಶಿ ಒಲೆ ಹೊತ್ತಿಸುವ ಮೊದಲು ಅವಳನ್ನು ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ತಾಯಿ ಇಲ್ಲವೇನು ಎಂದು ನಾನು ರೇಗಿದೆ. ಇದ್ದಾಳೆ, ಮುಟ್ಟುವುದಿಲ್ಲ ಎಂದು ಹೇಳಿ ಮೌಶಿ ಉಳಿದದ್ದನ್ನೂ ಹೇಳಿದಳು.

ಹುಡುಗಿಗೆ ಒಬ್ಬ ಅಣ್ಣನಿದ್ದ, ಐದನೇ ಇಯತ್ತೆಯವನು. ಊರ ಹೊಲಗಳಲ್ಲಿ ಈಗ ಶೇತತಳೆಗಳಿವೆ. ಹೊಲದಲ್ಲೇ ದೊಡ್ಡ ಗುಂಡಿ ತೋಡಿ, ತಳಕ್ಕೂ ದಡಕ್ಕೂ ಪ್ಲಾಸ್ಟಿಕ್ ಹಾಸಿ ನೀರು ನಿಲ್ಲಿಸುತ್ತಾರೆ. ಒಳಗೆ ಕಾಲಿಟ್ಟರೆ ಜಾರಿಕೆ, ಹತ್ತಿ ಬರಲು ಹಿಡಿಯುವುದಕ್ಕೆ ಒಂದು ಕಡ್ಡಿಯೂ ಇಲ್ಲ. ಹುಡುಗರು ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ಅದರಲ್ಲೇ ಈಜು ಕಲಿಯುತ್ತಾರೆ. ಮೇ ತಿಂಗಳಲ್ಲಿ ಅಣ್ಣನ ಬೆನ್ನಿಗೆ ಕ್ಯಾನು ಕಟ್ಟಿದವಳು ಇವಳು. ಅಷ್ಟರಲ್ಲಿ ಕುರಿ ಕಬ್ಬಿಗೆ ನುಗ್ಗಿದವು, ಅವನ್ನು ತಿರುಗಿಸಲು ಓಡಿದಳು. ಬಂದು ನೋಡಿದರೆ ಕ್ಯಾನು ಒಂದೇ ಇತ್ತು. ಅಣ್ಣನನ್ನು ತೆಗೆದಾಗ ಹಗ್ಗ ಅವನ ಹೊಟ್ಟೆಯ ಮೇಲೆ ಸಡಿಲವಾಗಿ ಉಳಿದಿತ್ತು.

ಗಂಟು ಬಿಚ್ಚಿತು ಎಂದು ಊರು ತೀರ್ಮಾನ ಮಾಡಿತು. ಮಣ್ಣು ಕೊಟ್ಟು ಬಂದ ಮೇಲೆ ತಾಯಿ ಮಗಳಿಗೆ ಅಂದದ್ದು ಒಂದೇ ಮಾತಂತೆ. “ಒಂದು ಗಂಟ ಹಾಕಾಕ ಬರಲಿಲ್ಲೇನ ನಿನಗ?” ಆಮೇಲೆ ಮಾತಿಲ್ಲ. ಅನ್ನ ಹಾಕುತ್ತಾಳೆ, ಅರಿವೆ ಒಗೆಯುತ್ತಾಳೆ, ತಲೆ ಮುಟ್ಟುವುದಿಲ್ಲ.

ಎಲ್ಲ ಗೊತ್ತಿದ್ದೂ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ತೇಲುವ ಮುಳುಗುವ ಪಾಠ ತೆಗೆಯಬೇಕಾಯಿತು. ಪುಸ್ತಕದಲ್ಲಿತ್ತು, ಬಿಟ್ಟು ಮುಂದೆ ಹೋಗಬಹುದಿತ್ತು ಕೂಡ. ಆದರೆ ಊರ ತುಂಬ ಶೇತತಳೆ ಇಟ್ಟುಕೊಂಡು ಈ ಪಾಠ ಬಿಡುವುದು ಯಾವ ಶಾಣ್ಯಾತನ ಅನ್ನಿಸಿತು. ಮನೆಯಿಂದ ಒಂದೊಂದು ಸಾಮಾನು ತನ್ನಿ ಅಂದೆ. ಹಲಗೆಯ ಮೇಲೆ ಸಾಲು ಎಳೆದೆ, ಮಕ್ಕಳ ನೋಟುಬುಕ್ಕಿನಲ್ಲೂ ಎಳೆಸಿದೆ: ಸಾಮಾನು, ನನ್ನ ಊಹೆ, ಆದದ್ದು. ಊಹೆ ತಪ್ಪಿದಲ್ಲಿ ಪಕ್ಕಕ್ಕೆ ಒಂದು ಚುಕ್ಕೆ, ಬೆರಗಿನ ಗುರುತು. ರಬ್ಬರುಗಳನ್ನೆಲ್ಲ ಕಸಿದು ನನ್ನ ಟೇಬಲ್ಲಿನ ಮೇಲೆ ಹಾಕಿಕೊಂಡೆ. ಊಹೆ ತಪ್ಪಾದರೆ ನಾನು ಬಯ್ಯುವುದಿಲ್ಲ, ಅಳಿಸಿದರೆ ಮಾತ್ರ ಚರ್ಮ ಸುಲಿಯುತ್ತೇನೆ ಎಂದು ಹೇಳಿದೆ. ಮಕ್ಕಳು ನಂಬಲಿಲ್ಲ. ಸರಿ ಅನ್ನಿಸಿಕೊಳ್ಳುವ ಹುಚ್ಚು ಎಂಟು ವರ್ಷಕ್ಕೇ ಹಿಡಿದಿರುತ್ತದೆ. ನೀರಿಗೆ ಹಾಕಿದ ಮೇಲೆ ಬೆರಳಿಗೆ ಉಗುಳು ಹಚ್ಚಿ ಒರೆಸುವವರೂ ಇದ್ದರು.

ಭಾರ ಇದ್ದದ್ದು ಮುಳುಗುತ್ತದೆ ಎಂದು ಇಡೀ ವರ್ಗದ ಊಹೆ. ಎರಡು ಕೈಯಲ್ಲಿ ಎತ್ತಿ ತಂದ ಕುಂಬಳಕಾಯಿ ತೇಲಿತು, ಹುಣಸೆ ಬೀಜ ಸೀದಾ ತಳಕ್ಕೆ ಹೋಯಿತು. ಚುಕ್ಕೆ ಬಿದ್ದವು. ಲಟ್ಟಣಿಗೆ ತೇಲಿತು, ಸಾಬೂನು ಮುಳುಗಿತು. ಒಬ್ಬ ಕುರಿಯ ಉಣ್ಣೆ ತಂದಿದ್ದ. ಹಗುರಾಗಿ ಇಟ್ಟಾಗ ಮೇಲೆ ನಿಂತಿತು, ನೀರೊಳಗೆ ಹಿಡಿದು ಚೆನ್ನಾಗಿ ಹಿಂಡಿದಾಗ ಗುಳ್ಳೆ ಬಿಟ್ಟು ಕೆಳಗೆ ಇಳಿಯಿತು. ಸ್ಟೀಲಿನ ವಾಟಿಯನ್ನು ಬುಡ ಕೆಳಗೆ ಮಾಡಿ ಇಟ್ಟರೆ ದೋಣಿ, ಓರೆ ಮಾಡಿ ಬಿಟ್ಟರೆ ಕಲ್ಲು. ಅದೇ ವಾಟಿ, ಅದೇ ಭಾರ, ಬದಲಾದದ್ದು ಒಳಗೆ ಗಾಳಿ ಇದೆಯೋ ನೀರು ಇದೆಯೋ ಅನ್ನುವುದು ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು, ಆಗಲೇ ಯಾವುದರಿಂದ ಏನಾಯಿತು ಗೊತ್ತಾಗುವುದು ಎಂದು ಗಂಟಲು ಹರಿಯುವಂತೆ ಹೇಳಿದೆ. ಹುಡುಗಿ ಗೋಡೆಗೆ ಒರಗಿ ವಾಟಿಯನ್ನೇ ನೋಡುತ್ತಿದ್ದಳು.

ಮರುದಿನ ಅವಳು ಕ್ಯಾನು ತಂದಳು.

ಹಾಲಿನ ಬಣ್ಣದ ಐದು ಲೀಟರಿನ ಎಣ್ಣೆ ಕ್ಯಾನು. ಮುಚ್ಚಳ ಇರಲಿಲ್ಲ. ಹಿಡಿಕೆಗೆ ದಾರದಿಂದ ಕಟ್ಟಿದ ಒಂದು ಹಸಿರು ಖಣದ ಚಿಂದಿ ಜೋತಾಡುತ್ತಿತ್ತು, ಬಾಯಿಗೆ ತುರುಕುವುದಕ್ಕೆ. ಮಕ್ಕಳು ಗುರುತು ಹಿಡಿದು ಹಿಂದೆ ಸರಿದರು. ಇದನ್ನು ಯಾಕೆ ತಂದೆ, ತೆಗೆದುಕೊಂಡು ಹೋಗು ಎಂದು ಜೋರು ಮಾಡಿದೆ. ಅವಳು ಹೋಗಲಿಲ್ಲ. ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟಳು.

“ಗಂಟ ಬಿಚ್ಚಿದ್ದಕ್ಕ ಮುಳುಗ್ಯಾನ ಅಂತಾರ್ರಿ ಬಾಯಾರ. ಖರೇ ಏನ ನೋಡ್ಬೇಕ್ರಿ.”

ಅಂಗಳದಲ್ಲಿ ಕೈ ತೊಳೆಯುವ ಸಿಮೆಂಟಿನ ಟಾಕಿ ಇದೆ, ಮಕ್ಕಳ ಎದೆಮಟ್ಟ. ಅಲ್ಲಿಗೆ ಹೋದೆವು. ಗಂಟು ನಾನೇ ಹಾಕಿದೆ, ಬಿಚ್ಚಬಾರದು ಎಂದು ಎರಡೆರಡು ಸುತ್ತು. ಬೆನ್ನಿಗೆ ಕಟ್ಟಿದ ಹಾಗೇ ಕ್ಯಾನು ಅಡ್ಡ ಮಲಗಿ ಬಾಯಿ ನೀರಿನ ಮಟ್ಟಕ್ಕೆ ತಾಗುವಂತೆ, ಮೈಭಾರದ ಬದಲು ಎರಡು ಇಟ್ಟಿಗೆ ಕಟ್ಟಿದೆ. ಮೊದಲು ಮೌಶಿಯ ಎಣ್ಣೆ ಕ್ಯಾನಿನ ಮುಚ್ಚಳ ತಂದು ಬಿಗಿಯಾಗಿ ತಿರುವಿದೆವು. ಊಹೆ ಬರೆದರು. ಬಿಟ್ಟೆವು. ಇಟ್ಟಿಗೆ ಜೋತುಬಿದ್ದವು, ಕ್ಯಾನು ಅರ್ಧ ಮುಳುಗಿ ಹಾಗೇ ನಿಂತಿತು. ಎಷ್ಟು ಹೊತ್ತು ನೋಡಿದರೂ ಹಾಗೇ.

ಆಮೇಲೆ ಮುಚ್ಚಳ ತೆಗೆದು ಚಿಂದಿ ತುರುಕಿದೆವು. ಇಟ್ಟಿಗೆ ಅವೇ, ಗಂಟೂ ಅದೇ. ಆವತ್ತೂ ಹೀಗೇ ತುರುಕಿತ್ತೇ ಎಂದು ಕೇಳಿದೆ. ಹೌದು, ಅವ್ವ ತುರುಕಿದ್ದು, ಹೊಲಕ್ಕೆ ಕುಡಿಯುವ ನೀರು ಒಯ್ಯುವಾಗ. ನೀರು ಚೆಲ್ಲಿ ಕಟ್ಟುವಾಗ ಅವ್ವ ಮಾಡಿದ್ದ ಹಾಗೇ ನಾನೇ ವಾಪಸ್ ಇಟ್ಟೆ, ಅಣ್ಣ ಅದನ್ನು ಮುಟ್ಟಲೇ ಇಲ್ಲ ಎಂದಳು. ಬಿಟ್ಟೆವು. ಮೊದಲು ತೇಲಿತು. ಒಬ್ಬ ಹುಡುಗ ಚಪ್ಪಾಳೆ ಹೊಡೆದ. ಆಮೇಲೆ ಚಿಂದಿಯ ಪಕ್ಕದಿಂದ ಒಂದು ಗುಳ್ಳೆ ಬಂತು, ಮತ್ತೊಂದು, ಆಮೇಲೆ ಗುಳುಗುಳು ಎಂದು ಸಾಲಾಗಿ. ಕ್ಯಾನು ಇಳಿಯಿತು, ಚಿಂದಿ ಕಳಚಿತು, ಇಟ್ಟಿಗೆ ತಳ ಮುಟ್ಟಿದವು. ಹುಡುಗಿ ಹಗ್ಗ ಎಳೆದು ನೋಡಿದಳು. ಗಂಟು ಬಿಗಿಯಾಗಿಯೇ ಇತ್ತು.

ಇಟ್ಟಿಗೆ ಬಿಚ್ಚಿ ತುಂಬಿದ ಕ್ಯಾನನ್ನು ನೀರೊಳಗೇ ಬಿಟ್ಟೆ. ಮುಳುಗುತ್ತದೆ ಎಂದು ಎಲ್ಲರೂ ಬರೆದಿದ್ದರು. ಮುಳುಗಲಿಲ್ಲ. ಆ ಪ್ಲಾಸ್ಟಿಕ್ಕು ನೀರಿಗಿಂತ ಒಂದು ಚೂರು ಹಗುರ. ಅಂಚು ಮಾತ್ರ ಕಾಣುವ ಹಾಗೆ ನೀರಿಗೆ ಸಮನಾಗಿ ನಿಂತಿತು. ಮೇಲೆ ಒಂದು ಇಟ್ಟಿಗೆ ಚೂರು ಇಟ್ಟರೆ ಅದನ್ನೂ ಹೊರಲಾರದೆ ಇಳಿಯಿತು. ಹುಡುಗಿ ಮೆಲ್ಲಗೆ ಹೇಳಿದಳು: “ಆವತ್ತ ಹಿಂಗs ಇತ್ರಿ. ತುಂಬಿ.”

ಆಮೇಲೆ ಅವಳೇ ಕ್ಯಾನನ್ನು ಬೋರಲು ಹಾಕಿ ಖಾಲಿ ಮಾಡಿ, ಚಿಂದಿಯನ್ನೂ ಹಾಕದೆ, ಏನನ್ನೂ ಕಟ್ಟದೆ ಬಿಟ್ಟಳು. ಅದು ನೀರ ಮೇಲೆ ಅಡ್ಡ ಮಲಗಿತು, ಬಾಯಿ ಮೇಲೆಯೇ ಉಳಿಯಿತು, ಒಂದು ಹನಿ ಒಳಗೆ ಹೋಗಲಿಲ್ಲ. ಗಂಟು ಮೊದಲೇ ಬಿಚ್ಚಿದ್ದರೆ ಆವತ್ತಿನ ಕ್ಯಾನು ಹೀಗೆ ಖಾಲಿ ಸಿಗಬೇಕಿತ್ತು. ತುಂಬಿದ್ದು ಅವನ ಬೆನ್ನ ಮೇಲಿದ್ದಾಗ. ಗಂಟು ಬಿಚ್ಚಿದ್ದು ಆಮೇಲೆ, ಅವನು ಒದ್ದಾಡುವಾಗ. ನಾನು ಇದನ್ನು ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಒಳಗೆ ಬಂದು ಅವಳು ಹಲಗೆಯ ಮೇಲಿನ ತನ್ನ ಸಾಲಿನಲ್ಲಿ ಚುಕ್ಕೆ ಇಟ್ಟಳು, ಚಾಕ್‌ಪೀಸು ಮುರಿಯುವಷ್ಟು ಒತ್ತಿ. ನನಗೆ ಅಳು ಬಂತು, ಮಕ್ಕಳನ್ನು ಕಾರಣವಿಲ್ಲದೆ ಬೈದು ಕೂರಿಸಿದೆ.

ಇಂಥ ಸುದ್ದಿ ಹಳ್ಳಿಯಲ್ಲಿ ಸಂಜೆಯತನಕ ಕಾಯುವುದಿಲ್ಲ. ಶಾಲೆ ಬಿಡುವ ಹೊತ್ತಿಗೆ ತಾಯಿ ಬಂದು ಬಾಗಿಲಲ್ಲಿ ನಿಂತಿದ್ದಳು. ತೋರಿಸಿರಿ ಅಂದಳು. ಅವಳ ಮೇಲೆ ನನಗೆ ಸಿಟ್ಟಿತ್ತು, ಒಂದು ಕೂಸನ್ನು ಇಷ್ಟು ತಿಂಗಳು ಹೀಗೆ ಸುಟ್ಟಳಲ್ಲ ಎಂದು. ನೋಡಲಿ ಎಂದೇ ಎಲ್ಲವನ್ನೂ ಮತ್ತೆ ಮಾಡಿ ತೋರಿಸಿದೆ. ಗುಳ್ಳೆ ಏಳತೊಡಗಿದಾಗ ಅವಳು ಟಾಕಿಯ ಅಂಚು ಹಿಡಿದುಕೊಂಡಳು. ಕ್ಯಾನು ಇಳಿದ ಮೇಲೆ ಕಳಚಿದ ಹಸಿರು ಚಿಂದಿಯನ್ನು ದಾರ ಹರಿದು ಎತ್ತಿ ಅಂಗೈ ಮೇಲೆ ಹರಡಿದಳು. ನನ್ನ ಸಿಟ್ಟು ಅಲ್ಲೇ ಸತ್ತಿತು.

“ಇದು ನನ್ನ ಕುಬಸದ್ದು,” ಅಂದಳು. “ನಾನ ತುರುಕಿದ್ದೆ.”

ಹುಡುಗಿ ತಾಯಿಯ ಹತ್ತಿರ ಹೋದಳು, ಆದರೆ ಮುಟ್ಟಲಿಲ್ಲ.

“ಇಲ್ಲಬೇ ಯವ್ವಾ. ನೀ ಗಟ್ಟಿ ತುರುಕಿದ್ದಿ. ಅಣ್ಣ ನೀರ ಕುಡ್ಯಾಕ ತಗದಾ, ಆಮ್ಯಾಲ ತಾನs ಸಡ್ಲ ಇಟ್ಟಾ. ನಾ ನೋಡೀನಿ.”

ತಾಯಿ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಿಮ್ಮ ಮುಂದೆಯೂ ಹೀಗೇ ಹೇಳ್ಯಾಳೇನ್ರಿ ಎಂದು ಕೇಳಿದಳು. ಊಹೆ ಅಳಿಸಿದರೆ ಚರ್ಮ ಸುಲಿಯುತ್ತೇನೆ ಎಂದಿದ್ದ ನಾನು, ಹೌದ್ರಿ, ಹೀಗೇ ಹೇಳ್ಯಾಳ ಅಂದೆ. ಅವಳು ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಿಂದಿಯನ್ನು ಹಿಂಡಿ, ಮಡಚಿ, ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಹೋದಳು. ಮಗಳು ಹಿಂದೆ ಹಿಂದೆ ನಡೆದಳು, ಒಂದು ಮಾರು ದೂರದಲ್ಲಿ.

ಮರುದಿನ ಹುಡುಗಿ ಎರಡು ಜಡೆ ಹಾಕಿಸಿಕೊಂಡು ಬಂದಳು. ಕಣ್ಣು ಮೇಲೆಳೆಯುವಷ್ಟು ಬಿಗಿ. ಮೌಶಿ ನೋಡಿ, ನಾನು ಹಾಕಿದ್ದಲ್ಲ ಅಂದಳು. ತಾಯಿ ಮಾತ್ರ ರಾತ್ರಿಯಿಂದ ಉಂಡಿಲ್ಲ, ಕುರಿಗಳನ್ನೂ ಮೇಯಲು ಬಿಡದೆ ಹಟ್ಟಿಯಲ್ಲೇ ಕೂತಿದ್ದಾಳೆ ಎಂದೂ ಹೇಳಿದಳು. ಹಲಗೆಯ ಮೇಲೆ ಹಿಂದಿನ ದಿನದ ಸಾಲುಗಳು ಹಾಗೇ ಇದ್ದವು. ಅವುಗಳ ಕೆಳಗೆ ಜಾಗ ಉಳಿದಿತ್ತು. ಸಂಜೆ ಬಸ್ಸಿಗೆ ಹೊರಟಾಗ ಹುಡುಗಿ ಗೇಟಿನ ತನಕ ನನ್ನ ಜೊತೆ ಬಂದಳು.

“ಬಾಯಾರ, ನಿನ್ನೆ ಅವ್ವಗ ಹೇಳಿದ್ದು, ಅದನ್ನೂ ಬರೀಬೇಕೇನ್ರಿ?”

ಬ್ಯಾಡವ್ವ ಅಂದೆ. ಅಷ್ಟರಲ್ಲಿ ಅಕ್ಕಲಕೋಟದ ಬಸ್ಸು ಬಂತು, ಹತ್ತಿದೆ.