೨೦೪ರ ಬಗ್ಗೆ ಒಂದು ನೋಟಿಸ್

ಮಣಿಪಾಲದ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ನೋಟಿಸ್ ಬರೆಯುವವರು ಸರ್ವೋತ್ತಮ ಮಾಸ್ಟ್ರು. ಕಾರ್ಕಳದ ಹೈಸ್ಕೂಲಿನಿಂದ ನಿವೃತ್ತರಾದವರು, ಸಂಘದ ಕಾರ್ಯದರ್ಶಿ, ನನ್ನ ಎದುರುಮನೆಯವರು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಒಂದು ನೋಟಿಸಿಗೆ ಒಂದೇ ವಿಷಯ.

“ದಯವಿಟ್ಟು ಅಂತ ಒಂದೇ ಸಲ, ಸೆಲೀನ್ ಬಾಯಿ. ಎರಡು ಸಲ ಬರೆದರೆ ಬೇಡಿದ ಹಾಗಾಗ್ತದೆ” ಎನ್ನುತ್ತಿದ್ದರು. ಒಂಬತ್ತು ವರ್ಷಗಳಲ್ಲಿ ಯಾರ ಮನೆ ನಂಬರನ್ನೂ ಅವರು ಹಾಕಿದವರಲ್ಲ.

ಕಳೆದ ವರ್ಷ ಅವರ ಹೆಂಡತಿ ವಿನೋದಕ್ಕನಿಗೆ ಮರೆವು ಹೆಚ್ಚಾಯಿತು. ಮಧ್ಯಾಹ್ನ ಮಾಸ್ಟ್ರಿಗೆ ಕಣ್ಣು ಹತ್ತಿದರೆ ಸಾಕು, ಸ್ಟೀಲಿನ ತಟ್ಟೆ ಹಿಡಿದು ಹೊರಟು ಸಿಕ್ಕಿದ ಮನೆಯ ಬೆಲ್ ಒತ್ತುತ್ತಿದ್ದರು. “ಹೂ ಉಂಟಾ? ದೇವರಿಗೆ ಹೊತ್ತಾಯಿತು.” ನಾನು ಬಾಲ್ಕನಿಯ ದಾಸವಾಳ ಕೊಟ್ಟು ಕೂರಿಸುತ್ತಿದ್ದೆ. ಅವರು ಒಂದು ಹೂವನ್ನು ನಮ್ಮ ಯೇಸುವಿನ ಚಿತ್ರದ ಮುಂದಿಟ್ಟು, “ಇವರನ್ನು ಬಿಡ್ಲಿಕ್ಕೆ ಆಗ್ತದಾ?” ಎಂದು ನಗುತ್ತಿದ್ದರು.

ಮೇಲಿನ ಮಹಡಿಯಿಂದ ದೂರು ಬಂತು. ಮಗು ಏಳುತ್ತದೆ, ಆಫೀಸಿನ ಮೀಟಿಂಗ್ ಕೆಡುತ್ತದೆ. ಒಂದು ದಿನ ನಾನು ವಿನೋದಕ್ಕನನ್ನು ಮನೆಗೆ ಬಿಡಲು ಹೋದಾಗ ಸಂಘದ ಅಧ್ಯಕ್ಷ ರಿತೇಶ್ ಅಲ್ಲೇ ಕೂತಿದ್ದ.

“ಬೇಸರ ಮಾಡ್ಬೇಡಿ ಮಾಸ್ಟ್ರೇ. ಹೆಸರು ಬೇಡ. ವಯಸ್ಸಾದವರ ಮೇಲೆ ಮನೆಯವರು ಗಮನ ಇಡಬೇಕು ಅಂತ ಜನರಲ್ ಆಗಿ ಒಂದು ನೋಟಿಸ್.”

“ನಾನೇ ಬರೀಬೇಕಾ?”

“ನಿಮ್ಮಷ್ಟು ಪೊಲೈಟಾಗಿ ನಮಗೆಲ್ಲಿ ಬರ್ತದೆ ಮಾರಾಯ್ರೆ!”

ಸಂಜೆ ನೋಟಿಸ್ ಬಂತು.

“ಆತ್ಮೀಯ ನಿವಾಸಿಗಳೇ, ೨೦೪ರ ವಿನೋದಾ ಅವರಿಗೆ ಮರೆವಿನ ಕಾಯಿಲೆ ಇದೆ. ಅವರು ಬೆಲ್ ಒತ್ತಿದರೆ ದಯವಿಟ್ಟು ಒಳಗೆ ಕರೆಯದೆ, ಕೂಡಲೇ ಕೆಳಗಿನ ನಂಬರಿಗೆ ಫೋನ್ ಮಾಡಿ. ಎಲ್ಲರೂ ಇದನ್ನು ತಪ್ಪದೆ ಪಾಲಿಸಬೇಕು. ಆದ ತೊಂದರೆಗೆ ವಿಷಾದಿಸುತ್ತೇನೆ. ಸರ್ವೋತ್ತಮ, ಕಾರ್ಯದರ್ಶಿ.”

ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ. ‘ಪ್ಲೀಸ್’ ಒಂದೇ ಸಲ.

“ನಾನೂ ಒಳಗೆ ಕರೆಯುದು ಬೇಡವಾ?” ಎಂದು ಮಾಸ್ಟ್ರನ್ನು ಕೇಳಿದೆ.

“ಒಬ್ಬರು ಒಳಗೆ ಕರೆದರೂ ದಿನಾ ಹೊರಡ್ತಾಳೆ, ಹಾಗೇ ಉಳಿದವರ ಬೆಲ್ಲೂ ಒತ್ತುತ್ತಾಳೆ. ನಿಮಗೊಂದು, ಉಳಿದವರಿಗೊಂದು ಅಂದ್ರೆ ಅದು ನೋಟಿಸ್ ಆಗುದಿಲ್ಲ ಬಾಯಿ.”

ಗ್ರೂಪಿನಲ್ಲಿ ಮೂವತ್ತೆರಡು ಹೆಬ್ಬೆಟ್ಟು ಬಿದ್ದವು. ರಿತೇಶ್ ಕೈಮುಗಿದ ಚಿತ್ರ ಹಾಕಿದ. ಪಾರ್ಕಿಂಗ್ ನೋಟಿಸನ್ನು, ಕಸದ ನೋಟಿಸನ್ನು ಎಂದೂ ಲೆಕ್ಕಕ್ಕಿಡದವರು ಇದನ್ನು ಅಕ್ಷರಶಃ ಪಾಲಿಸಿದರು. ಬೆಲ್ ಕೇಳುತ್ತದೆ, ಬಾಗಿಲು ತೆರೆಯುವುದಿಲ್ಲ. ಆಮೇಲೆ ಮಾಸ್ಟ್ರ ಫೋನ್ ಹೊಡೆದುಕೊಳ್ಳುತ್ತದೆ.

ಮೊನ್ನೆ ಶುಕ್ರವಾರ ಜಪಮಾಲೆ ಹಿಡಿದು ಕೂತಿದ್ದಾಗ ನಮ್ಮ ಬೆಲ್ ಆಯಿತು. ಬಾಗಿಲ ಕಿಂಡಿಯಲ್ಲಿ ನೋಡಿದೆ. ಖಾಲಿ ತಟ್ಟೆ. ಬಾಲ್ಕನಿಯಲ್ಲಿ ನಾಲ್ಕು ದಾಸವಾಳ ಅರಳಿದ್ದವು. ನಾನು ಫೋನ್ ತೆಗೆದು ಮಾಸ್ಟ್ರ ನಂಬರ್ ಒತ್ತಿದೆ.

“ಬಂದೆ ಬಾಯಿ. ಥ್ಯಾಂಕ್ಸ್.”

ಎದುರಿನ ಬಾಗಿಲು ತೆರೆದ ಸದ್ದಾಯಿತು.

“ಇಲ್ಲಿ ಒಬ್ಬರು ಹೂ ಕೊಡ್ತಿದ್ರಲ್ಲ,” ವಿನೋದಕ್ಕ ಕೇಳುತ್ತಿದ್ದರು, “ಅವರು ಮನೆ ಬಿಟ್ಟು ಹೋದ್ರಾ?”

“ಹೌದು,” ಎಂದರು ಮಾಸ್ಟ್ರು. “ಬಾ.”