ಸಹಿಯ ಮೇಲೆ ಕೂತ ಸೀಲು

ಶಿರಾದ ಒಂದು ಸಣ್ಣ ಬೀಜ ಪರೀಕ್ಷಾ ಲ್ಯಾಬಿನಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ನನ್ನದೇ. ವರದಿಗಳಿಗೆ ಡಿಜಿಟಲ್ ಸಹಿ ಬಂದಾಗ ಅದು ಹಾಳೆಯ ಮೇಲೆ ಹೇಗೆ ಕಾಣಬೇಕು ಎಂಬುದನ್ನು ರೂಪಿಸುವುದೂ ನನ್ನ ಪಾಲಿಗೆ ಬಿತ್ತು. ಹೆಸರು, ಸಹಿಯ ಕಾರಣ, ದಿನಾಂಕ, ಹಿಂದೆ ತಿಳಿಯಾಗಿ ಲ್ಯಾಬಿನ ಲಾಂಛನ. ಚೆನ್ನಾಗಿಯೇ ಮಾಡಿದ್ದೆ.

ನಮ್ಮ ಸಾಹೇಬರಿಗೆ ಮಾತ್ರ ಹಿಡಿಸಲಿಲ್ಲ. ಜೀವಮಾನವಿಡೀ ಸಹಿ ಹಾಕಿ, ಅದರ ಮೇಲೆ ಅರ್ಧ ಬೀಳುವಂತೆ ನೇರಳೆ ಸೀಲು ಒತ್ತಿದವರು.

"ಸೀಲು ಸಹಿ ಮೇಲೆ ಕೂತ್ಕಂಡ್ರೇನೇ ಅದಕ್ಕೊಂದು ತೂಕ ಕಣಮ್ಮ" ಎಂದರು.

ಸಹಿಯ ಬಲ ಅವರ ಯುಎಸ್‌ಬಿ ಟೋಕನ್ನಿನೊಳಗಿನ ಗುಪ್ತ ಕೀಲಿಯಲ್ಲಿದೆ, ಕಾಣುವುದು ಬರೀ ವೇಷ ಎಂದು ಹೇಳಿ ಸೋತೆ. ಲಾಂಛನವನ್ನು ದುಂಡನೆಯ ಸೀಲು ಮಾಡಿಸಿದರು, ಬಣ್ಣ ಗಾಢ ನೇರಳೆ ಮಾಡಿಸಿದರು. ಮೂಗಿಗಿಂತ ಮೂಗುತಿ ಭಾರವಾಯಿತು. ಆದರೂ ಪರದೆಯ ಮೇಲೆ ಅಕ್ಷರಗಳನ್ನು ಓದಬಹುದಿತ್ತು, ಸುಮ್ಮನಾದೆ.

ಮರುದಿನ ಬೆಳಿಗ್ಗೆ ಹುಲಿಕುಂಟೆಯ ಒಬ್ಬ ಅಕ್ಕನ ಬಿತ್ತನೆ ಕಡಲೆಕಾಯಿಗೆ ಮೊದಲ ವರದಿ ಇಮೇಲಿನಲ್ಲಿ ಹೊರಟಿತು. ಆಕೆ ಟೆಂಪೋದಲ್ಲಿ ಮೂಟೆ ಹೇರಿಕೊಂಡು ಮಧುಗಿರಿಯ ಖರೀದಿ ಡಿಪೋಗೆ ಹೋಗಿದ್ದಳು. ಮಧ್ಯಾಹ್ನ ಅಲ್ಲಿಂದಲೇ ಆಕೆಯ ಫೋನು ಬಂತು. ಡಿಪೋದ ಗುಮಾಸ್ತರು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದಿದ್ದರು. ನಮ್ಮ ನೇರಳೆ ಸೀಲು ಕಾವಲಿಯ ತಳದಂತೆ ಕಪ್ಪಾಗಿ ದಿನಾಂಕವನ್ನು ನುಂಗಿತ್ತು. ದಿನಾಂಕ ಕಾಣದ ವರದಿಗೆ ಮಾಲು ಇಳಿಸುವುದಿಲ್ಲವಂತೆ. ಸಂಜೆಯೊಳಗೆ ಆಗದಿದ್ದರೆ ಮೂಟೆಗಳು ಊರಿಗೆ ವಾಪಸ್ಸು.

"ಒಂದ್ ಸೀಸನ್ನೆಲ್ಲಾ ಒಂದೊಂದೇ ಆರಿಸಿ ಇಟ್ಟಿದ್ದ ಕಾಯಿ ಕಣಮ್ಮ, ಹೆಂಗಾರ ಮಾಡು" ಎಂದಳು. ಅಳುವ ಹೆಂಗಸಲ್ಲ, ಆದರೆ ದನಿ ಕುಗ್ಗಿತ್ತು. ನನಗೆ ಸಂಕಟವಾಯಿತು, ಸಾಹೇಬರ ಮೇಲೆ ಸಿಟ್ಟೂ ಬಂತು. ಅವರು ಡಿಪೋದ ಪ್ರಿಂಟರನ್ನು ಬೈಯುತ್ತಿದ್ದರು. ಕುಣಿಯಲಾರದವರಿಗೆ ನೆಲ ಡೊಂಕು.

ಸಹಿಯಾದ ಕಡತದಲ್ಲಿ ಸೀಲನ್ನು ಮಾತ್ರ ಅಳಿಸಲಾಗದು, ಮುಟ್ಟಿದರೆ ಸಹಿಯೇ ಕೆಡುತ್ತದೆ. ಹಾಗಾಗಿ ಸಹಿ ಹಾಕದ ಮೂಲ ವರದಿಯನ್ನೇ ತೆರೆದೆ. ಹೊಸ ರೂಪದಲ್ಲಿ ಅಕ್ಷರಗಳ ಹಿಂದಿನ ಲಾಂಛನ ತೆಗೆದು, ಅದನ್ನೇ ಚಿಕ್ಕದಾಗಿ ಎಡಕ್ಕೆ ಚಿತ್ರವಾಗಿ ಕೂರಿಸಿದೆ. ಬಲಕ್ಕೆ ಬಿಳಿಯ ಮೇಲೆ ಹೆಸರು, 'ಕಾರಣ: ಬೀಜ ಪರೀಕ್ಷಾ ವರದಿಯ ದೃಢೀಕರಣ', ಕೆಳಗೆ ದಿನಾಂಕ. ಈ ಸಲ ಮೊದಲು ಅದರ ಮಾದರಿಯನ್ನು ನಮ್ಮಲ್ಲೇ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು ಸಾಹೇಬರ ಮುಂದಿಟ್ಟೆ. ದೂರದಿಂದ, ಕನ್ನಡಕವಿಲ್ಲದೆ ದಿನಾಂಕ ಓದಿದರು. ಟೋಕನ್ ಚುಚ್ಚಿ, ಪಿನ್ ಒತ್ತಿ, ಸಹಿ ಹಾಕಿದರು. ಕೂಡಲೇ ಅದನ್ನು ಡಿಪೋಗೆ ಕಳಿಸಿದೆ.

ಸಂಜೆ ಆ ಅಕ್ಕ ವಾಟ್ಸಾಪಿನಲ್ಲಿ ಡಿಪೋದ ಪ್ರಿಂಟಿನ ಫೋಟೋ ಕಳಿಸಿದಳು. ಮಾಲು ಇಳಿದಿತ್ತು, ಗುಮಾಸ್ತರು 'ಸ್ವೀಕರಿಸಲಾಗಿದೆ' ಎಂದು ದುಂಡನೆಯ ನೇರಳೆ ಸೀಲು ಒತ್ತಿದ್ದರು. ಸರಿಯಾಗಿ ನಮ್ಮ ದಿನಾಂಕದ ಮೇಲೆಯೇ.

ಸಾಹೇಬರು ಫೋಟೋವನ್ನು ದೊಡ್ಡದು ಮಾಡಿ ನೋಡಿದರು.

"ಈಗ ನೋಡು, ಪಕ್ಕಾ ಆಯ್ತು" ಎಂದರು.