ನಂಬರ್ ಬಂದ ದಿನದಿಂದ

ನನ್ನ ಮೊಮ್ಮಗಳು ಕೊಳ್ಳೇಗಾಲದ ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆ ವಾರ್ಡಿನ ನರ್ಸು. ನಾನು ಹೂಗ್ಯಂ ಕಡೆ ಮೂವತ್ತು ವರ್ಷ ಹೆರಿಗೆ ಮಾಡಿಸಿದವಳು. ಈಗ ಮುಳ್ಳೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಅಕ್ಷರ ಕೂಡಿಸಿ ಓದುತ್ತೇನೆ, ಅಷ್ಟೇ. ನಮ್ಮಿಬ್ಬರದೂ ಒಂದೇ ಕಸುಬು ಎಂದುಕೊಂಡಿದ್ದೆ, ಅವಳು ಆ ಅರ್ಜಿ ಬರೆಯುವುದನ್ನು ನೋಡುವವರೆಗೆ.

ನರ್ಸಿಂಗ್ ಹೋಮಿನ ಡಾಕ್ಟರಿಗೆ ವಯಸ್ಸಾಗಿತ್ತು. ಹೆರಿಗೆ ವಾರ್ಡು ಮುಚ್ಚುತ್ತೇನೆ ಎಂದರು. ಅಲ್ಲೇ ಉಳಿದರೆ ಇವಳು ಬಿಪಿ ನೋಡಿಕೊಂಡು, ಇಂಜೆಕ್ಷನ್ ಹಾಕಿಕೊಂಡು ಇರಬೇಕು. ಹೆರಿಗೆ ಕೆಲಸ ಬಿಡಲಾರೆ ಎಂದು ಮೈಸೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಲು ಹೊರಟಳು. ಅರ್ಜಿಯೆಂದರೆ ಕಾಗದ, ಲಕೋಟೆ ಎಂದುಕೊಂಡಿದ್ದೆ. ಅವಳು ಮೊಬೈಲ್ ಹಿಡಿದು ಜಗಲಿಯ ಮೇಲೆ ಕೂತಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ.

"ಏನ್ ಬರ್ದಿದ್ದೀಯಮ್ಮಿ? ನಂಗೂ ಓದು."

ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿದಳು. ಹೆಸರು, ಓದಿದ್ದು, ಆಮೇಲೆ ನರ್ಸಿಂಗ್ ಕೌನ್ಸಿಲಿನ ನೋಂದಣಿ ನಂಬರು. "ನೋಂದಾಯಿತ ನರ್ಸ್ ಮತ್ತು ಮಿಡ್‌ವೈಫ್."

"ಮಿಡ್‌ವೈಫ್ ಅಂದ್ರೆ?"

"ನೀನೇ ಕಣಜ್ಜಿ. ಸೂಲಗಿತ್ತಿ."

"ನಂಗೆಲ್ಲಮ್ಮಿ ಅದೆ ನಂಬರು?"

"ನಿಂಗ್ಯಾರು ಕೊಟ್ಟರು? ನಿಂಗಿದ್ದದ್ದು ಎಲೆ ಅಡಿಕೆ ಚೀಲ ಒಂದೇ." ನಕ್ಕಳು.

ನಾನೂ ನಕ್ಕೆ. ಮುಂದಿನ ಸಾಲು ಅವಳ ವಿಶೇಷ ಕೆಲಸ: ಹೆರಿಗೆ ವಾರ್ಡು. ನೋವು ಬಂದವಳ ಹತ್ತಿರ ನಿಂತು, ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಎಣಿಸಿ ಹಾಳೆಯಲ್ಲಿ ಗುರುತು ಹಾಕುತ್ತಾಳಂತೆ. ಆ ಗುರುತು ಇಳಿಮುಖವಾದರೆ ಡಾಕ್ಟರನ್ನು ಕೂಗುತ್ತಾಳಂತೆ. ನಾನು ಹೊಟ್ಟೆಗೆ ಕಿವಿ ಇಟ್ಟು ಕೇಳುತ್ತಿದ್ದೆ. ಕೇಳಿಸಿದ್ದನ್ನು ಎಲ್ಲೂ ಬರೆಯಲಿಲ್ಲ.

ಅನುಭವದ ಸಾಲಿಗೆ ಬಂದು ಅವಳ ಬೆರಳು ನಿಂತಿತು. ನೋಂದಣಿಯಾದ ಮೇಲೆ ಮೂರು ವರ್ಷ ಕೆಲಸ ಮಾಡಿರಬೇಕು ಎಂದು ಮೈಸೂರಿನ ಆಸ್ಪತ್ರೆಯವರು ಕೇಳಿದ್ದರು. ಇವಳಿಗೆ ಎರಡು ವರ್ಷ ಹತ್ತು ತಿಂಗಳಾಗಿತ್ತು.

"ಅದಕ್ಕೂ ಮುಂಚೆ ಎಂಟು ತಿಂಗಳು ಅಲ್ಲೇ ಇದ್ದಲ್ಲ?"

"ಅವಾಗ ನಂಬರ್ ಬಂದಿರ್ನಿಲ್ಲ ಕಣಜ್ಜಿ. ಟ್ರೈನಿ ಅಷ್ಟೇಯ."

"ಅದ್ನೂ ಸೇರ್ಸಿ ಮೂರೂವರೆ ಅಂತ ಬರಿ. ಅಲ್ಲಿಂದ ಬಂದು ನೋಡ್ತಾರಾ?"

"ಬರೋದೇ ಬ್ಯಾಡ. ನಂಬರ್ ಕೊಟ್ಟ ತಾರೀಕು ಸರ್ಟಿಫಿಕೇಟಲ್ಲೇ ಅದೆ. ಸುಳ್ಳು ಬರ್ದು ಸಿಕ್ಕಾಕಂಡ್ರೆ ಕೌನ್ಸಿಲ್‌ಗೆ ದೂರು ಓಯ್ತದೆ. ನಂಬರ್ ಕಿತ್ಕಂಡ್ರೆ ನಾನು ಯಾರ ಮೈನೂ ಮುಟ್ಟಂಗಿಲ್ಲ."

ನನ್ನ ಕೈ ಮೊರದಲ್ಲೇ ನಿಂತಿತು. ಒಂದು ಸಲ ನನ್ನ ಕೈಯಲ್ಲಿ ಒಬ್ಬಳು ಹೋಗಿಬಿಟ್ಟಿದ್ದಳು. ಮಗು ಬಂದ ಮೇಲೆ ರಕ್ತ ನಿಲ್ಲಲಿಲ್ಲ. ಗಾಡಿ ಕಟ್ಟಿದರು, ಹನೂರಿನ ಆಸ್ಪತ್ರೆ ಮುಟ್ಟಲಿಲ್ಲ. ಅದಾಗಿ ಎಂಟು ದಿನಕ್ಕೆ ಪಕ್ಕದ ಬೀದಿಯವರು ಬಂದು ನನ್ನನ್ನೇ ಹೆರಿಗೆಗೆ ಕರೆದರು. ನಾನೂ ಹೋದೆ. ಯಾರೂ ಏನೂ ಕೇಳಲಿಲ್ಲ. ನನ್ನಿಂದ ಕಿತ್ತುಕೊಳ್ಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಈ ಹುಡುಗಿಯ ಹತ್ತಿರ ಇದೆ. ಅದು ಇರುವುದರಿಂದಲೇ ಹೆರುವವಳು ಇವಳ ಕೈಗೆ ಮೈ ಕೊಡಬಹುದು. ಮೂವತ್ತು ವರ್ಷ ಮಾಡಿದ ಕಸುಬು ಇಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ಅವತ್ತು, ಕೈಯಗಲದ ಮೊಬೈಲಿನಲ್ಲಿ.

"ಇರೋದ್ನೇ ಬರಿ," ಎಂದೆ.

"ಅದ್ನೇ ಬರೀತಾ ಇದ್ದೆ. ನೀನೇ ತಡೆದಿದ್ದು," ಎಂದಳು. ನೋಂದಣಿಯಾದ ಮೇಲೆ ಎರಡು ವರ್ಷ ಹತ್ತು ತಿಂಗಳು, ಅದಕ್ಕೆ ಮುಂಚೆ ಎಂಟು ತಿಂಗಳು ಟ್ರೈನಿ, ಎಂದು ಬೇರೆ ಬೇರೆಯಾಗಿ ಬರೆದು, ಸರ್ಟಿಫಿಕೇಟು ಸೇರಿಸಿ ಕಳಿಸಿದಳು.

ನಾಲ್ಕನೇ ದಿನ ಉತ್ತರ ಬಂತು. ಮೂರು ವರ್ಷ ತುಂಬಿಲ್ಲ, ತುಂಬಿದ ಮೇಲೆ ಜಾಗ ಇದ್ದರೆ ನೋಡೋಣ ಎಂದು. ಅವಳು ಅವತ್ತು ಉಣ್ಣಲಿಲ್ಲ. ನಾನು ಸಮಾಧಾನ ಹೇಳಲಿಲ್ಲ, ನನಗದು ಬರುವುದಿಲ್ಲ. ವಾರ್ಡು ಮುಚ್ಚಿತು. ಎರಡು ತಿಂಗಳು ಇಂಜೆಕ್ಷನ್ ಹಾಕಿಕೊಂಡಿದ್ದಳು. ಮೂರು ವರ್ಷ ತುಂಬಿದ ಮೇಲೆ ಮೈಸೂರಿಗೆ ಎರಡನೇ ಮೇಲ್ ಕಳಿಸಿದಳು; ಕೊನೆಯ ಎರಡು ತಿಂಗಳು ಹೆರಿಗೆ ವಾರ್ಡಿನದಲ್ಲ ಎಂದು ಅದನ್ನೂ ಬರೆದಳು. ನಾನು ಹಣೆ ಚಚ್ಚಿಕೊಂಡೆ, ಆದರೆ ಅಳಿಸು ಎನ್ನಲಿಲ್ಲ.

ಈ ಸಲ ಇಂಟರ್ವ್ಯೂಗೆ ಕರೆದರು. ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಮ್ಮು ಎರಡೂ ಮೇಲ್ ಪಕ್ಕಪಕ್ಕ ಇಟ್ಕಂಡು ಕೂತಿದ್ರು ಕಣಜ್ಜಿ."

"ಏನಂದ್ರು?"

"ಹೆರಿಗೆ ಹಾಳೆನೂ ಹಿಂಗೇ ಬರೀತೀಯಾ ಅಂದ್ರು. ಊ ಅಂದೆ. ಸೋಮವಾರದಿಂದ ಬಾ ಅಂದ್ರು."

ಸರ್ಟಿಫಿಕೇಟಿನ ಫೈಲನ್ನು ನನ್ನ ಮಡಿಲಿಗೆ ಹಾಕಿ ನೀರು ಕುಡಿಯಲು ಒಳಗೆ ಹೋದಳು. ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ತೆರೆದೆ. ಇಂಗ್ಲಿಷ್ ಅಕ್ಷರ ತಿಳಿಯಲಿಲ್ಲ. ನಂಬರಿನ ಅಂಕಿಗಳನ್ನು ಮಾತ್ರ ಒಂದೊಂದಾಗಿ ಓದಿದೆ.